ಹಸುಗೂಸಿನ ಕಿವಿ ಚುಚ್ಚಿಸುವುದು: ಸರಿಯಾದ ವಯಸ್ಸು, ಶುಚಿತ್ವ ಮತ್ತು ಅಪಾಯದ ಲಕ್ಷಣಗಳು

ಮಂಗಳೂರು, ಉಡುಪಿ ಕಡೆಯ ಅನೇಕ ಮನೆಗಳಲ್ಲಿ ಮಗುವಿನ ಕಿವಿ ಚುಚ್ಚಿಸುವ ಮಾತು ತೊಟ್ಟಿಲಿಗೆ ಹಾಕುವ ದಿನವೇ ಏಳುತ್ತದೆ. ನೆಂಟರೆಲ್ಲ ಸೇರಿರುತ್ತಾರೆ, ಅಜ್ಜಿ ಚಿನ್ನದ ಟಿಕ್ಕಿ ಮಾಡಿಸಿಟ್ಟಿರುತ್ತಾರೆ, ಪರಿಚಯದ ಅಕ್ಕಸಾಲಿಗರು ಮನೆಗೇ ಬರಲು ಒಪ್ಪಿರುತ್ತಾರೆ. ಹಾಲೆ ಮೃದುವಾಗಿರುವಾಗಲೇ ಚುಚ್ಚಿಬಿಟ್ಟರೆ ಮಗುವಿಗೆ ನೋವು ಕಡಿಮೆ ಎಂಬ ಹಿರಿಯರ ಮಾತೂ ಜೊತೆಗಿರುತ್ತದೆ. ಕಿವಿ ಚುಚ್ಚಿಸಲು ವೈದ್ಯಕೀಯ ಕಾರಣವೇನೂ ಇಲ್ಲ; ಅದು ಸಂಪ್ರದಾಯಕ್ಕೂ ಅಂದಕ್ಕೂ ಸೇರಿದ್ದು. ಹಾಗಿರುವಾಗ ಅದನ್ನು ಮಗುವಿಗೆ ಅತಿ ಕಡಿಮೆ ಅಪಾಯವಿರುವ ಸಮಯ ನೋಡಿ ಮಾಡಿಸುವ ಸ್ವಾತಂತ್ರ್ಯ ಹೆತ್ತವರಿಗೆ ಪೂರ್ತಿಯಾಗಿ ಇದೆ. ಆ ಸಮಯ ಯಾವುದು, ಆ ದಿನ ಏನು ನೋಡಿಕೊಳ್ಳಬೇಕು, ಆಮೇಲಿನ ವಾರಗಳಲ್ಲಿ ಕಿವಿ ಕೆಂಪಾದರೆ ಅದು ಮಾಮೂಲಿನದೋ ಅಪಾಯದ್ದೋ ಎಂದು ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಮೂರು ತಿಂಗಳು ಏಕೆ ಬೇಡ

ಮೂರು ತಿಂಗಳು ತುಂಬದ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಮಕ್ಕಳ ವೈದ್ಯರು ಅದನ್ನು ತುರ್ತು ಎಂದೇ ಪರಿಗಣಿಸುತ್ತಾರೆ. ಈ ವಯಸ್ಸಿನಲ್ಲಿ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಚರ್ಮದ ಮೇಲಿನ ಸಣ್ಣ ಸೋಂಕು ಕೂಡ ರಕ್ತಕ್ಕೆ ಸೇರಿ, ಕೆಲವೊಮ್ಮೆ ಮೆದುಳಿನ ಪೊರೆಯವರೆಗೂ ಬೇಗ ಹರಡಬಲ್ಲದು. ಮಗು ಮಂಕಾಗುವುದು, ಹಾಲು ಬಿಡುವುದು ಬಿಟ್ಟರೆ ಬೇರೆ ಸೂಚನೆಯೂ ಸಿಗದಿರಬಹುದು. ಆದ್ದರಿಂದ ಇಂಥ ಮಗುವನ್ನು ಆಸ್ಪತ್ರೆಗೆ ಸೇರಿಸಿ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಾರೆ. ಬೇಕೆನಿಸಿದರೆ ಬೆನ್ನುಹುರಿಯ ನೀರನ್ನೂ ತೆಗೆದು ನೋಡುತ್ತಾರೆ. ಹನ್ನೆರಡು ದಿನದ ಮಗುವಿನ ಕಿವಿಯಲ್ಲಿ ಸೂಜಿಯ ಗಾಯವಿದ್ದು ಅದೇ ವಾರ ಜ್ವರ ಬಂದರೆ, ಆ ಜ್ವರಕ್ಕೂ ಕಿವಿಗೂ ಸಂಬಂಧವಿಲ್ಲದಿದ್ದರೂ ಇಷ್ಟೆಲ್ಲ ಆಗಿಯೇ ತೀರುತ್ತದೆ. ಚುಚ್ಚಿಸಿದ ಸಂಭ್ರಮಕ್ಕೆ ಮಗು ಅಷ್ಟು ದೊಡ್ಡ ಬೆಲೆ ತೆರುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಕಾರಣ ಲಸಿಕೆ. ಸರಕಾರದ ಲಸಿಕಾ ಪಟ್ಟಿಯಂತೆ ಮಗುವಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ ಕೊಡುತ್ತಾರೆ. ಗಾಯದ ಮೂಲಕ ಬರುವ ಧನುರ್ವಾಯುವಿಗೂ, ಶುಚಿಯಿಲ್ಲದ ಸೂಜಿಯ ಮೂಲಕ ಬರಬಹುದಾದ ಹೆಪಟೈಟಿಸ್ ಬಿ ಕಾಯಿಲೆಗೂ ಎದುರಾದ ರಕ್ಷಣೆ ಅದರಲ್ಲಿದೆ. ಹೆಪಟೈಟಿಸ್ ಬಿ ಲಸಿಕೆಯ ಒಂದು ಡೋಸ್ ಹುಟ್ಟಿದಾಗಲೂ ಸಿಗುತ್ತದೆ. ಬಸುರಿಯಿದ್ದಾಗ ತಾಯಿ ತೆಗೆದುಕೊಂಡ ಧನುರ್ವಾಯು ಚುಚ್ಚುಮದ್ದಿನ ಬಲವೂ ಮಗುವಿಗೆ ಸ್ವಲ್ಪ ಕಾಲ ಇರುತ್ತದೆ. ಆದರೂ ಮಗುವಿನ ದೇಹವೇ ಗಟ್ಟಿಯಾದ ರಕ್ಷಣೆ ಕಟ್ಟಿಕೊಳ್ಳುವುದು ಮೂರು ಡೋಸ್ ಮುಗಿದ ಮೇಲೆ. ಅದಾದ ನಂತರವೂ ಎರಡು ವಾರ ಬಿಡುವುದು ಒಳ್ಳೆಯದು. ಆ ಅವಧಿಯಲ್ಲಿ ರೋಗನಿರೋಧಕ ಶಕ್ತಿ ಬೆಳೆಯುತ್ತದೆ; ಜೊತೆಗೆ ಲಸಿಕೆಯಿಂದ ಬರುವ ಜ್ವರವನ್ನು ಕಿವಿಯ ಸೋಂಕಿನ ಜ್ವರವೆಂದೋ, ಸೋಂಕಿನ ಜ್ವರವನ್ನು ಲಸಿಕೆಯದೆಂದೋ ತಪ್ಪು ತಿಳಿಯುವ ಸಂದರ್ಭವೇ ಬರುವುದಿಲ್ಲ.

ಹೀಗೆ ಲೆಕ್ಕ ಹಾಕಿದರೆ ನಾಲ್ಕನೆಯ ತಿಂಗಳು ತುಂಬಿದಾಗ ಬಾಗಿಲು ತೆರೆಯುತ್ತದೆ. ಅದು ಬಹಳ ಕಾಲ ತೆರೆದಿರುವುದೂ ಇಲ್ಲ, ಏಕೆಂದರೆ ಆರೇಳು ತಿಂಗಳ ಹೊತ್ತಿಗೆ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತದೆ, ಎಳೆದದ್ದನ್ನು ಬಾಯಿಗೆ ಹಾಕುತ್ತದೆ. ಅಲ್ಲಿಂದ ಮೂರು ವರ್ಷದವರೆಗಿನ ಕಾಲ ಹೊಸ ಗಾಯವನ್ನು ಕಾಪಾಡಲು ಅತಿ ಕಷ್ಟದ ಕಾಲ. ನಾಲ್ಕರಿಂದ ಆರು ತಿಂಗಳ ನಡುವೆ ಸಾಧ್ಯವಾಗದಿದ್ದರೆ, ಮಗುವಿಗೆ ಹೇಳಿದ್ದು ಅರ್ಥವಾಗುವ ನಾಲ್ಕೈದು ವರ್ಷದವರೆಗೆ ಕಾಯುವುದೇ ಉತ್ತಮ. ಮಗಳು ತಾನೇ ಬೇಕೆಂದು ಕೇಳುವವರೆಗೆ ಬಿಡುತ್ತೇವೆ ಎನ್ನುವ ಹೆತ್ತವರ ನಿಲುವಿನಲ್ಲೂ ವೈದ್ಯಕೀಯವಾಗಿ ತಪ್ಪೇನಿಲ್ಲ. ತನ್ನ ಗಾಯವನ್ನು ತಾನೇ ನೋಡಿಕೊಳ್ಳುವಷ್ಟು ದೊಡ್ಡವಳಾದ ಮೇಲೆ ಚುಚ್ಚಿಸುವುದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ. ಸಂಪ್ರದಾಯದ ಮಾತು ಎತ್ತುವ ಹಿರಿಯರಿಗೆ ಹೇಳಲು ಒಂದು ವಿಷಯವಿದೆ: ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಕಿವಿ ಚುಚ್ಚಲು ಹೇಳಿರುವುದು ಆರನೆಯ ಅಥವಾ ಏಳನೆಯ ತಿಂಗಳು. ಹನ್ನೆರಡನೆಯ ದಿನ ತಪ್ಪಿದರೆ ಶಾಸ್ತ್ರ ತಪ್ಪಿತೆಂಬ ಅಂಜಿಕೆ ಬೇಡ.

ದಿನ ನಿಶ್ಚಯಿಸುವಾಗ

ಒಂದು ಉದಾಹರಣೆ ಇಟ್ಟುಕೊಂಡು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಕಾಪು ಕಡೆಯ ಒಂದು ಮನೆಯಲ್ಲಿ ಆಗಸ್ಟ್ 5ರಂದು ಹೆಣ್ಣುಮಗು ಹುಟ್ಟಿತೆಂದಿಟ್ಟುಕೊಳ್ಳೋಣ. ಆರು ವಾರದ ಲಸಿಕೆ ಸೆಪ್ಟೆಂಬರ್ 16ಕ್ಕೆ, ಹತ್ತು ವಾರದ್ದು ಅಕ್ಟೋಬರ್ 14ಕ್ಕೆ, ಹದಿನಾಲ್ಕು ವಾರದ್ದು ನವೆಂಬರ್ 11ಕ್ಕೆ ಬರುತ್ತದೆ. ಎರಡು ವಾರ ಬಿಟ್ಟರೆ ನವೆಂಬರ್ 25. ಡಿಸೆಂಬರ್ 5ಕ್ಕೆ ಮಗುವಿಗೆ ನಾಲ್ಕು ತಿಂಗಳು ತುಂಬುತ್ತದೆ. ಮರುದಿನ ಡಿಸೆಂಬರ್ 6ಕ್ಕೆ ಮನೆಯವರು ದಿನವಿಡುತ್ತಾರೆ. ಗಾಯ ಮಾಯಲು ಬೇಕಾದ ಆರು ವಾರ ಜನವರಿ 17ಕ್ಕೆ ಮುಗಿಯುತ್ತದೆ. ಜನವರಿ ಕೊನೆಯಲ್ಲಿ ಸೋದರಮಾವನ ಮದುವೆಯಿದ್ದರೂ ಆ ಹೊತ್ತಿಗೆ ಕಿವಿ ಸರಿಯಾಗಿರುತ್ತದೆ. ಇದರ ಬದಲು ಮದುವೆಯ ಹಿಂದಿನ ವಾರ ಚುಚ್ಚಿಸಿದ್ದರೆ, ಊರಿನವರೆಲ್ಲ ಮಗುವನ್ನು ಎತ್ತಿಕೊಂಡು ಮುದ್ದಿಸುವ ದಿನವೇ ಗಾಯ ಹಸಿಯಾಗಿರುತ್ತಿತ್ತು.

ಈ ಲೆಕ್ಕದಲ್ಲಿ ಕಾಲವೂ ಕೂಡಿಬಂದಿದೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರಿರುತ್ತದೆ; ಬಟ್ಟೆ, ದಿಂಬು, ಟೋಪಿ ಯಾವುದೂ ಪೂರ್ತಿ ಒಣಗುವುದಿಲ್ಲ, ಕಿವಿಯ ಹಿಂದಿನ ಮಡಿಕೆ ಸದಾ ತೇವವಾಗಿರುತ್ತದೆ. ಏಪ್ರಿಲ್, ಮೇ ತಿಂಗಳ ಬೆವರೂ ಅಷ್ಟೇ ಕಷ್ಟ. ಆಯ್ಕೆ ಇದ್ದರೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣ ದಿನಗಳು ಮೇಲು. ಮಗುವಿನ ವಯಸ್ಸು ಮತ್ತು ಕಾಲ ಎರಡೂ ಹೊಂದದಿದ್ದರೆ ವಯಸ್ಸಿಗೇ ಮೊದಲ ಮನ್ನಣೆ ಕೊಡಬೇಕು. ಮಳೆಗಾಲದಲ್ಲಿ ಚುಚ್ಚಿಸಿದರೂ ಒಣಗಿಸುವ ಜಾಗ್ರತೆ ಹೆಚ್ಚಿಸಿಕೊಂಡರೆ ಸಾಕು.

ದಿನ ನಿಶ್ಚಯಿಸುವ ಮುನ್ನ ತಾಯಿ ಕಾರ್ಡನ್ನು ತೆಗೆದು ಲಸಿಕೆಗಳು ನಿಜಕ್ಕೂ ಬಿದ್ದಿವೆಯೇ ಎಂದು ನೋಡಬೇಕು. ಶೀತ, ಜ್ವರವಿದ್ದ ಕಾರಣ ಒಂದು ಡೋಸ್ ಮುಂದೆ ಹೋಗಿರುವುದು ಸಾಮಾನ್ಯ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ, ಹುಟ್ಟಿನಿಂದಲೇ ಹೃದಯದ ತೊಂದರೆಯಿರುವ ಅಥವಾ ಮೈಮೇಲೆ ಎಕ್ಸಿಮಾ ಇರುವ ಮಗುವಾದರೆ ಮಕ್ಕಳ ವೈದ್ಯರ ಒಪ್ಪಿಗೆಯಿಲ್ಲದೆ ಮುಂದುವರಿಯಬಾರದು. ಹೊಕ್ಕುಳ ಬಳ್ಳಿ ಬಿದ್ದಾಗ ರಕ್ತ ಬೇಗ ನಿಲ್ಲದೆ ಹೋಗಿತ್ತೇ, ಲಸಿಕೆ ಚುಚ್ಚಿದ ತೊಡೆಯಲ್ಲಿ ದೊಡ್ಡ ನೀಲಿ ಗಂಟು ಕಟ್ಟಿತ್ತೇ ಎಂದು ನೆನಪಿಸಿಕೊಳ್ಳಿ. ಅಂಥದ್ದು ನಡೆದಿದ್ದರೆ ಅಥವಾ ತಾಯಿಯ ಕಡೆಯ ಗಂಡಸರಲ್ಲಿ ರಕ್ತ ಹೆಪ್ಪುಗಟ್ಟದ ಕಾಯಿಲೆಯಿದ್ದರೆ ಮೊದಲು ರಕ್ತ ಪರೀಕ್ಷೆಯಾಗಬೇಕು. ಮನೆತನದಲ್ಲಿ ಗಾಯದ ಕಲೆ ಗಂಟಾಗಿ ಬೆಳೆಯುವ ಕೀಲಾಯ್ಡ್ ಇದ್ದರೆ ಅದನ್ನೂ ಹೇಳಬೇಕು. ಹದಿಹರೆಯದ ನಂತರ ಚುಚ್ಚಿಸಿದವರಿಗಿಂತ ಎಳವೆಯಲ್ಲಿ ಚುಚ್ಚಿಸಿದವರಲ್ಲಿ ಈ ಗಂಟು ಕಡಿಮೆ ಕಾಣುತ್ತದೆಯಾದರೂ ಆಗುವುದೇ ಇಲ್ಲವೆಂದಲ್ಲ.

ಯಾರ ಕೈಯಲ್ಲಿ, ಯಾವುದರಿಂದ

ನಮ್ಮಲ್ಲಿ ಮೂರು ದಾರಿಗಳಿವೆ. ಅಕ್ಕಸಾಲಿಗರು ತುದಿ ಚೂಪಾಗಿಸಿದ ಚಿನ್ನದ ತಂತಿಯಿಂದಲೇ ಚುಚ್ಚಿ ಅದನ್ನೇ ಸುತ್ತಿಬಿಡುತ್ತಾರೆ. ಆಭರಣದ ಅಂಗಡಿಗಳಲ್ಲಿ, ಬ್ಯೂಟಿ ಪಾರ್ಲರ್‌ಗಳಲ್ಲಿ ಗನ್ ಬಳಸುತ್ತಾರೆ. ಕೆಲವು ಮಕ್ಕಳ ವೈದ್ಯರೂ ಕಿವಿ, ಮೂಗು, ಗಂಟಲು ತಜ್ಞರೂ ತಮ್ಮ ಕ್ಲಿನಿಕ್‌ನಲ್ಲಿ ಒಮ್ಮೆ ಮಾತ್ರ ಬಳಸುವ ಸೂಜಿಯಿಂದ ಚುಚ್ಚುತ್ತಾರೆ. ಹಸುಗೂಸಿಗೆ ನಾನು ಮೂರನೆಯದನ್ನೇ ಸೂಚಿಸುತ್ತೇನೆ.

ಅಕ್ಕಸಾಲಿಗರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಹಾಲೆಯ ನಡುಭಾಗವನ್ನು ಅವರಷ್ಟು ನೇರವಾಗಿ ಹಿಡಿಯುವವರು ಕಡಿಮೆ. ತೊಂದರೆಯಿರುವುದು ಶುಚಿ ಮಾಡುವ ಕ್ರಮದಲ್ಲಿ. ತಂತಿಯನ್ನು ದೀಪದ ಉರಿಗೆ ಹಿಡಿದರೆ ಮಸಿ ಹತ್ತುತ್ತದೆ, ಆ ಮಸಿಯನ್ನು ಬಟ್ಟೆಯಿಂದ ಒರೆಸಿದ ಕ್ಷಣವೇ ತಂತಿ ಮತ್ತೆ ಮಲಿನವಾಗುತ್ತದೆ. ಸ್ಪಿರಿಟ್ಟಿನಿಂದ ಒರೆಸಿದರೆ ಅನೇಕ ರೋಗಾಣುಗಳು ಸಾಯುತ್ತವೆ, ಆದರೆ ಧನುರ್ವಾಯು ತರುವ ರೋಗಾಣುವಿನ ಗಟ್ಟಿ ಬೀಜಕಗಳು ಸಾಯುವುದಿಲ್ಲ. 121 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಒತ್ತಡದ ಹಬೆಯಲ್ಲಿ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಇಡುವ ಆಟೋಕ್ಲೇವ್ ಮಾತ್ರ ಅವುಗಳನ್ನು ನಂಬಿಕೆಗೆ ತಕ್ಕಂತೆ ನಾಶ ಮಾಡುತ್ತದೆ. ಮನೆತನದ ಅಕ್ಕಸಾಲಿಗರೇ ಚುಚ್ಚಬೇಕೆಂಬ ಆಸೆಯಿದ್ದರೆ ಟಿಕ್ಕಿಯನ್ನು ಕ್ಲಿನಿಕ್‌ಗೆ ಕೊಟ್ಟು ಆಟೋಕ್ಲೇವ್ ಮಾಡಿಸಿ, ಸೀಲ್ ಮಾಡಿದ ಸೂಜಿಯನ್ನು ಔಷಧದ ಅಂಗಡಿಯಿಂದ ತಂದು, ಸೋಪಿನಲ್ಲಿ ಕೈ ತೊಳೆದು ಹೊಸ ಗ್ಲೌಸ್ ಹಾಕಿಕೊಂಡು ಚುಚ್ಚಲು ವಿನಯದಿಂದ ಕೇಳಿಕೊಳ್ಳಬಹುದು.

ಗನ್ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಅದರೊಳಗಿನ ಸ್ಪ್ರಿಂಗ್ ಮೊಂಡು ತುದಿಯ ಟಿಕ್ಕಿಯನ್ನು ರಭಸದಿಂದ ನುಗ್ಗಿಸುತ್ತದೆ. ಸೂಜಿಯಂತೆ ಚರ್ಮವನ್ನು ನಯವಾಗಿ ಸೀಳುವುದಿಲ್ಲ, ಜಜ್ಜುತ್ತದೆ. ಗನ್ನಿನ ದೇಹ ಪ್ಲಾಸ್ಟಿಕ್ ಆಗಿದ್ದರೆ ಆಟೋಕ್ಲೇವ್‌ನಲ್ಲಿ ಇಡಲಾಗದು, ಆದ್ದರಿಂದ ಹಿಂದಿನವರ ರಕ್ತದ ಸೂಕ್ಷ್ಮ ಕಣಗಳು ಅದರ ಮೇಲೆ ಉಳಿಯಬಹುದು. ಅಂಗಡಿಯವರು ಹೊಸ ಟಿಕ್ಕಿ ತೋರಿಸಿ ಎಲ್ಲ ಹೊಸದೇ ಎನ್ನುತ್ತಾರೆ. ಆಗ ಕೇಳಬೇಕಾದ ಪ್ರಶ್ನೆ ಮಗುವಿನ ಕಿವಿಗೆ ತಾಗುವ ಗನ್ನಿನ ಭಾಗವೂ ಹೊಸದೇ ಎಂಬುದು. ತಾಗುವ ಭಾಗವೆಲ್ಲ ಸೀಲ್ ಮಾಡಿದ ಕಾರ್ಟ್ರಿಜ್‌ನಲ್ಲಿದ್ದು ಒಮ್ಮೆ ಬಳಸಿ ಎಸೆಯುವಂಥದ್ದಾದರೆ ಅದು ಹಳೆಯ ಗನ್ನಿಗಿಂತ ವಾಸಿ. ಹಾಲೆ ಬಿಟ್ಟು ಮೇಲಿನ ಗಟ್ಟಿ ಮೃದ್ವಸ್ಥಿಗೆ ಮಾತ್ರ ಗನ್ನನ್ನು ಎಂದಿಗೂ ತಾಗಿಸಬಾರದು.

ಟಿಕ್ಕಿ ಹೇಗಿರಬೇಕು

ಮೊದಲ ಟಿಕ್ಕಿಗೆ 916 ಗುರುತಿನ, ಅಂದರೆ 22 ಕ್ಯಾರಟ್ ಹಳದಿ ಚಿನ್ನ ಒಳ್ಳೆಯದು. ಅದರಲ್ಲಿ ಬೆರೆಯುವುದು ಸಾಮಾನ್ಯವಾಗಿ ಬೆಳ್ಳಿ ಮತ್ತು ತಾಮ್ರ. ವೈದ್ಯಕೀಯ ದರ್ಜೆಯ ಟೈಟಾನಿಯಂ ಕೂಡ ಅಷ್ಟೇ ಒಳ್ಳೆಯದು. ಬಿಳಿ ಚಿನ್ನ, ಒಂದು ಗ್ರಾಮ್ ಚಿನ್ನವೆಂದು ಮಾರುವ ಲೇಪನದ ಒಡವೆ, ಫ್ಯಾನ್ಸಿ ಅಂಗಡಿಯ ಟಿಕ್ಕಿ ಇವುಗಳಲ್ಲಿ ನಿಕ್ಕಲ್ ಇರುವ ಸಂಭವವಿದೆ, ಅದು ಅಲರ್ಜಿಗೆ ಮುಖ್ಯ ಕಾರಣ.

ಅಜ್ಜಿ ಕೊಟ್ಟ ಹಳೆಯ ಟಿಕ್ಕಿಯ ಬಗ್ಗೆ ಒಂದು ಮಾತು. ಹಳೆಯ ಕಾಲದ ಉಬ್ಬಿದ ಒಡವೆಗಳು ಹಲವು ಬಾರಿ ಒಳಗೆ ಪೊಳ್ಳಾಗಿದ್ದು ಅರಗು ತುಂಬಿರುತ್ತವೆ. ಆಟೋಕ್ಲೇವ್‌ನ ಬಿಸಿಗೆ ಅರಗು ಕರಗಿ ಹರಿಯುತ್ತದೆ. ಮುತ್ತು, ಅಂಟಿಸಿದ ಹರಳು ಇದ್ದರೂ ಅದೇ ಗತಿ. ಅಂಥದ್ದನ್ನು ಮುಂದಕ್ಕೆ ಎತ್ತಿಟ್ಟು, ಈಗ ಗಟ್ಟಿಯಾದ, ನುಣುಪಾದ, ಹರಳಿಲ್ಲದ, ಮುಂಭಾಗ ಚಪ್ಪಟೆಯಾದ ಸಣ್ಣ ಟಿಕ್ಕಿ ಮಾಡಿಸಿ. ಹಿಂಬದಿಗೆ ತಿರುಪು ಇರಲಿ, ಏಕೆಂದರೆ ಒತ್ತಿ ಕೂರಿಸುವ ಚಿಟ್ಟೆಯಾಕಾರದ ಬಿಲ್ಲೆ ಜಾರಿಬಿದ್ದರೆ ಮಗುವಿನ ಬಾಯಿ ಸೇರುವುದಕ್ಕೆ ತಡವಾಗದು. ಕಡ್ಡಿಯ ಉದ್ದ ಎಲ್ಲಕ್ಕಿಂತ ಮುಖ್ಯ. ಮೊದಲ ದಿನಗಳಲ್ಲಿ ಹಾಲೆ ಊದಿಕೊಳ್ಳುವುದರಿಂದ ತಿರುಪು ಹಾಕಿದ ಮೇಲೂ ಹಾಲೆಗೂ ತಿರುಪಿಗೂ ನಡುವೆ 2 ಮಿಲಿಮೀಟರಿನಷ್ಟು ಕಡ್ಡಿ ಕಾಣುವಂತಿರಬೇಕು. ನೇತಾಡುವ ರಿಂಗ್ ಬೇಡವೇ ಬೇಡ. ಮಗುವಿನ ಬೆರಳು, ತಾಯಿಯ ಸೆರಗಿನ ಎಳೆ ಎರಡೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ.

ಚುಚ್ಚುವ ದಿನ

ಮಗು ಆರೋಗ್ಯವಾಗಿರಬೇಕು; ಮೂಗು ಸೋರುತ್ತಿದ್ದರೂ ಮುಂದೂಡಿ. ಬೆಳಗ್ಗೆ ಮಗುವಿನ ನಿದ್ದೆ ಮುಗಿದ ಮೇಲಿನ ಹೊತ್ತು ಒಳ್ಳೆಯದು. ಹೊಟ್ಟೆ ತುಂಬ ಹಾಲು ಕುಡಿಸಿ ತಕ್ಷಣ ಚುಚ್ಚಿಸಿದರೆ ಅತ್ತು ಕಕ್ಕುವುದುಂಟು. ಸ್ವಲ್ಪ ಕುಡಿಸಿ, ಚುಚ್ಚಿದ ಕೂಡಲೇ ಮತ್ತೆ ಮೊಲೆಯೂಡಿಸಿದರೆ ಮಗು ಬೇಗ ಸಮಾಧಾನವಾಗುತ್ತದೆ. ಮರಗಟ್ಟಿಸುವ ಕ್ರೀಮನ್ನು ಅಂಗಡಿಯಿಂದ ತಂದು ನೀವಾಗಿಯೇ ಹಚ್ಚಬೇಡಿ. ಅದರಲ್ಲಿರುವ ಪ್ರಿಲೋಕೇನ್ ಎಳೆಯ ಮಗುವಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಗ್ಗಿಸಬಲ್ಲದು. ಬಳಸಬೇಕೇ, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಗುರುತು ಹಾಕುವಾಗ ಮಗುವನ್ನು ನೆಟ್ಟಗೆ ಎತ್ತಿಕೊಂಡು, ತಲೆ ವಾಲದಂತೆ ಹಿಡಿದು, ಎರಡೂ ಹಾಲೆಗಳ ನಡುಭಾಗದಲ್ಲಿ ಚುಕ್ಕೆಯಿಡಿಸಿ ಮುಂದಿನಿಂದ ಒಮ್ಮೆ ಸರಿಯಾಗಿ ನೋಡಿ. ಮಲಗಿಸಿ ಗುರುತು ಹಾಕಿದರೆ ಒಂದು ಚುಕ್ಕೆ ಮೇಲೆ, ಒಂದು ಕೆಳಗೆ ಆಗುತ್ತದೆ. ಹಾಲೆಯ ಅಂಚಿಗೆ ತೀರ ಹತ್ತಿರ ಚುಚ್ಚಿದರೆ ಮುಂದೆ ಭಾರದ ಓಲೆ ಹಾಕಿದಾಗ ತೂತು ಜಗ್ಗಿ ಸೀಳುತ್ತದೆ. ಆಮೇಲೆ ತಾಯಿಯ ಮಡಿಲಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೂರಿಸಿ, ಇನ್ನೊಬ್ಬರು ತಲೆಯನ್ನು ಎರಡೂ ಕೈಗಳಿಂದ ಹಿಡಿದಿರಬೇಕು. ಒಂದೆರಡು ಹನಿ ರಕ್ತ ಬರುವುದು ಸಹಜ. ಶುದ್ಧವಾದ ಗಾಜ್ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿದರೂ ಜಿನುಗುತ್ತಿದ್ದರೆ ಅಲ್ಲಿಂದ ಹೊರಡದೆ ವೈದ್ಯರಿಗೆ ತೋರಿಸಿ.

ಮುಂದಿನ ಆರು ವಾರ

ಆರು ವಾರ ಟಿಕ್ಕಿಯನ್ನು ತೆಗೆಯಬಾರದು. ದಿನಕ್ಕೆ ಎರಡು ಬಾರಿ, ಸೋಪಿನಿಂದ ಕೈ ತೊಳೆದ ಮೇಲೆ, ಔಷಧದ ಅಂಗಡಿಯಲ್ಲಿ ಸಿಗುವ 0.9 ಶೇಕಡಾ ಸಲೈನ್‌ನಲ್ಲಿ ಅಥವಾ ಕುದಿಸಿ ಆರಿಸಿದ ನೀರಿನಲ್ಲಿ ಗಾಜ್ ಬಟ್ಟೆಯನ್ನು ಅದ್ದಿ, ಟಿಕ್ಕಿಯ ಮುಂದೆಯೂ ಹಿಂದೆಯೂ ಒಂದು ನಿಮಿಷ ಇಟ್ಟರೆ ಒಣಗಿದ ಹೊಪ್ಪಳೆ ತಾನಾಗಿ ಮೆತ್ತಗಾಗುತ್ತದೆ. ಅದನ್ನು ಒರೆಸಿ, ಒಣ ಗಾಜ್‌ನಿಂದ ತೇವ ಹೀರಿಸಿ. ಹತ್ತಿಯ ಉಂಡೆ ಬೇಡ, ಅದರ ಎಳೆ ಕಡ್ಡಿಗೆ ಸುತ್ತಿಕೊಳ್ಳುತ್ತದೆ. ಟಿಕ್ಕಿಯನ್ನು ದಿನಾ ತಿರುಗಿಸಬೇಕೆಂದು ಕೆಲವು ವೈದ್ಯರು ಹೇಳುತ್ತಾರೆ, ಕೆಲವರು ಬೇಡವೆನ್ನುತ್ತಾರೆ. ಹೊಪ್ಪಳೆ ಒಣಗಿರುವಾಗ ತಿರುಗಿಸಿದರೆ ಅದರ ಚೂಪು ಅಂಚು ಒಳಗಿನ ಹೊಸ ಚರ್ಮವನ್ನು ಕೆರೆಯುತ್ತದೆ, ಆದ್ದರಿಂದ ನಾನು ಬೇಡವೆಂಬ ಪಕ್ಷ; ನಿಮ್ಮ ವೈದ್ಯರು ತಿರುಗಿಸಲು ಹೇಳಿದ್ದರೆ ಮೆತ್ತಗಾದ ಮೇಲಷ್ಟೇ ತಿರುಗಿಸಿ.

ನಮ್ಮ ಕಡೆ ಗಾಯ ಕೆಡುವುದು ಬಹುಪಾಲು ಬಚ್ಚಲಿನಲ್ಲಿ. ಮಗುವನ್ನು ಮೀಯಿಸಲು ಬರುವ ಹೆಂಗಸು ತಲೆಯಿಂದ ಕಾಲಿನವರೆಗೆ ತೆಂಗಿನೆಣ್ಣೆ ತಿಕ್ಕಿ, ಹೆಸರುಹಿಟ್ಟು ಹಚ್ಚಿ, ಹಂಡೆಯ ಬಿಸಿನೀರು ಹೊಯ್ಯುತ್ತಾರೆ. ಎಣ್ಣೆ ಕಿವಿಯ ಹಿಂದೆ ಇಳಿದು ತಿರುಪಿನ ಸುತ್ತ ನಿಲ್ಲುತ್ತದೆ, ಹಿಟ್ಟು ಅದಕ್ಕೆ ಅಂಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ರೋಗಾಣು ಬೆಳೆಯಲು ಹದವಾದ ಜಿಗುಟು ಸಿದ್ಧವಾಗಿರುತ್ತದೆ. ಎಣ್ಣೆ ಸ್ನಾನವನ್ನೇ ನಿಲ್ಲಿಸಬೇಕಾಗಿಲ್ಲ. ಆದರೆ ಈ ಆರು ವಾರ ಕಿವಿಗೂ ಅದರ ಸುತ್ತ ಎರಡು ಬೆರಳಿನಷ್ಟು ಜಾಗಕ್ಕೂ ಎಣ್ಣೆ, ಹಿಟ್ಟು ತಾಗಬಾರದೆಂದು ಮೀಯಿಸುವವರಿಗೆ ಮೊದಲೇ ಹೇಳಿ. ಕೊನೆಯಲ್ಲಿ ಶುದ್ಧ ನೀರು ಹೊಯ್ದು, ಒಗೆದ ಬೈರಾಸಿನಿಂದ ಉಜ್ಜದೆ ಒತ್ತಿ ಒರೆಸಿ, ಆಮೇಲೆ ಸಲೈನ್ ಶುಚಿಯನ್ನು ಮಾಡಿ.

ಗಾಯಕ್ಕೆ ಅರಿಶಿನ ಮತ್ತು ತೆಂಗಿನೆಣ್ಣೆ ಹಚ್ಚುವ ರೂಢಿಯನ್ನು ಬಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅಡುಗೆಮನೆಯ ಡಬ್ಬಿಯ ಪುಡಿ ಶುದ್ಧೀಕರಿಸಿದ್ದಲ್ಲ. ಅದರ ಬಣ್ಣ ಕೆಂಪನ್ನು ಮರೆಮಾಡಿ ಸೋಂಕು ಕಣ್ಣಿಗೆ ಬೀಳದಂತೆಯೂ ಮಾಡುತ್ತದೆ. ಟಿಕ್ಕಿ ಬಿದ್ದುಹೋದರೆ ತೂತು ಮುಚ್ಚದಿರಲೆಂದು ಹಿಡಿಸೂಡಿ ಕಡ್ಡಿಯನ್ನೋ ಬೇವಿನ ಕಡ್ಡಿಯನ್ನೋ ಸಿಕ್ಕಿಸುವುದು ಇನ್ನೂ ಅಪಾಯಕರ. ತೂತು ಮುಚ್ಚಿದರೆ ಮುಚ್ಚಲಿ, ಮುಂದೆಂದಾದರೂ ಮತ್ತೆ ಚುಚ್ಚಿಸಬಹುದು. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ, ಅದು ಹೊಸ ಚರ್ಮವನ್ನು ಸುಡುತ್ತದೆ. ಶೀತವಾದೀತೆಂದು ಕಿವಿ ಮುಚ್ಚುವ ಟೋಪಿಯನ್ನು ದಿನವಿಡೀ ಕಟ್ಟಿಟ್ಟರೆ ಒಳಗೆಲ್ಲ ಬೆವರು. ಸಂಜೆ ಹೊರಗೆ ಒಯ್ಯುವಾಗಷ್ಟೇ ಸಡಿಲವಾಗಿ ಹಾಕಿದರೆ ಸಾಕು.

ಕೆಂಪಾದರೆ ಏನೆಂದು ತಿಳಿಯುವುದು

ಮೊದಲ ಎರಡು ಮೂರು ದಿನ ತೂತಿನ ಸುತ್ತ ಸ್ವಲ್ಪ ಕೆಂಪು, ಸ್ವಲ್ಪ ಊತ ಇರುತ್ತದೆ. ಮುಂದಿನ ವಾರಗಳಲ್ಲೂ ಬಿಳಿ ಅಥವಾ ತಿಳಿಹಳದಿ ದ್ರವ ಜಿನುಗಿ ಹೊಪ್ಪಳೆ ಕಟ್ಟಬಹುದು; ಅದು ಕೀವಲ್ಲ, ಗಾಯ ಮಾಯುವ ಕ್ರಮ. ಮಗುವಿನ ಮೈಬಣ್ಣ ಕಪ್ಪಾಗಿದ್ದರೆ ಕೆಂಪು ಕಾಣುವುದೇ ಇಲ್ಲ, ಚರ್ಮ ಇನ್ನಷ್ಟು ಕಪ್ಪಾಗಿ, ಬಿಗಿದು ಮಿಂಚುತ್ತದೆ. ಆದ್ದರಿಂದ ಬೆರಳಿನ ಹಿಂಬದಿಯನ್ನು ಎರಡೂ ಹಾಲೆಗಳಿಗೆ ತಾಗಿಸಿ ಬಿಸಿಯ ವ್ಯತ್ಯಾಸ ನೋಡುವುದು ಹೆಚ್ಚು ನಂಬಬಹುದಾದ ಪರೀಕ್ಷೆ. ದಿನಕ್ಕೊಮ್ಮೆ ಮೊಬೈಲಿನ ಬೆಳಕಿನಲ್ಲಿ ಕಿವಿಯ ಹಿಂಭಾಗವನ್ನು ನೋಡುವುದನ್ನು ತಪ್ಪಿಸಬೇಡಿ.

ಮೂರನೆಯ ದಿನದ ನಂತರ ಊತ ಇಳಿಯುವ ಬದಲು ಏರುತ್ತಿದ್ದರೆ, ಹಾಲೆ ಬಿಸಿಯಾಗಿದ್ದರೆ, ಮುಟ್ಟಿದರೆ ಮಗು ಕಿರುಚಿದರೆ, ದಪ್ಪನೆಯ ಹಳದಿ ಅಥವಾ ಹಸಿರು ಕೀವು ಬರುತ್ತಿದ್ದರೆ ಅದು ಸೋಂಕು. ಇದು ಹೆಚ್ಚಾಗಿ ಒಂದೇ ಕಿವಿಯಲ್ಲಿ ಶುರುವಾಗುತ್ತದೆ. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ತೆಳುವಾಗಿ ಗೆರೆಯೆಳೆದು ಕೆಲವು ಗಂಟೆ ಬಿಟ್ಟು ನೋಡಿದರೆ ಹರಡುತ್ತಿದೆಯೇ ಎಂಬುದು ತಿಳಿಯುತ್ತದೆ. ಆದರೆ ಆ ಗೆರೆ ವೈದ್ಯರಿಗೆ ತೋರಿಸಲು, ಕಾಯುತ್ತ ಕೂರಲು ಅಲ್ಲ. ನಿಕ್ಕಲ್ ಅಲರ್ಜಿಯ ರೀತಿ ಬೇರೆ. ಅದು ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿ ಒಂದೇ ತರಹ ಬರುತ್ತದೆ, ಟಿಕ್ಕಿ ತಾಗುವ ಜಾಗದಷ್ಟೇ ಅಗಲಕ್ಕೆ ಚರ್ಮ ಒರಟಾಗಿ, ನೀರೊಡೆದು, ಹೊಟ್ಟೇಳುತ್ತದೆ. ಮಗು ಕಿವಿಯನ್ನು ಹೆಗಲಿಗೆ ಉಜ್ಜಿಕೊಳ್ಳುತ್ತದೆ, ಜ್ವರವಿರುವುದಿಲ್ಲ. ಇದಕ್ಕೆ ಲೋಹ ಬದಲಾಯಿಸದೆ ಯಾವ ಮುಲಾಮೂ ಫಲ ಕೊಡದು.

ಮೂರನೆಯದು ಟಿಕ್ಕಿ ಹೂತುಹೋಗುವುದು, ಮನೆಯವರ ಕಣ್ಣಿಗೆ ತಪ್ಪಿಹೋಗುವುದು ಹೆಚ್ಚಾಗಿ ಇದೇ. ಮೇಲೆ ಹೇಳಿದ ಕಾಪುವಿನ ಮಗುವನ್ನೇ ತೆಗೆದುಕೊಳ್ಳೋಣ. ಡಿಸೆಂಬರ್ 6ಕ್ಕೆ ಚುಚ್ಚಿ ಒಂದು ವಾರ ಎಲ್ಲವೂ ಸರಿಯಾಗಿರುತ್ತದೆ. 13ರಂದು ಟಿಕ್ಕಿ ಬಿದ್ದೀತೆಂಬ ಭಯದಿಂದ ಮನೆಯ ಹಿರಿಯರೊಬ್ಬರು ಬಲಗಿವಿಯ ತಿರುಪನ್ನು ಹಾಲೆಗೆ ತಾಗುವಂತೆ ಬಿಗಿ ಮಾಡುತ್ತಾರೆ. ಒತ್ತಡಕ್ಕೆ ಹಾಲೆಯ ರಕ್ತಸಂಚಾರ ತಗ್ಗುತ್ತದೆ, ಊತ ಏರುತ್ತದೆ, ಊದಿದಷ್ಟೂ ತಿರುಪು ಇನ್ನಷ್ಟು ಬಿಗಿಯಾಗುತ್ತದೆ. 15ರ ಬೆಳಗ್ಗೆ ಮೀಯಿಸುವಾಗ ಮಗು ಬಲಕ್ಕೆ ಹೊರಳಿದರೆ ಅಳುತ್ತದೆ. ಎಡಗಿವಿಯ ಹಿಂದೆ 2 ಮಿಲಿಮೀಟರ್ ಕಡ್ಡಿ ಕಾಣುತ್ತಿದೆ; ಬಲಗಿವಿಯಲ್ಲಿ ಕಡ್ಡಿ ಕಾಣುವುದಿಲ್ಲ, ತಿರುಪಿನ ಅರ್ಧಭಾಗದ ಮೇಲೆ ಚರ್ಮ ಮಡಚಿ ಬಂದಿದೆ. ತಾಯಿ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ 98.4, ಜ್ವರವಿಲ್ಲ. ಇಲ್ಲಿ ಮನೆಯಲ್ಲೇ ತಿರುಪು ಎಳೆಯಲು ಹೋಗದೆ ಅದೇ ದಿನ ಕ್ಲಿನಿಕ್‌ಗೆ ಒಯ್ಯುವುದು ಸರಿಯಾದ ಹೆಜ್ಜೆ. ವೈದ್ಯರು ಹಾಲೆಯನ್ನು ಮರಗಟ್ಟಿಸಿ ತಿರುಪನ್ನು ಸಡಿಲಿಸಬಹುದು, ಇಲ್ಲವೇ ಟಿಕ್ಕಿಯನ್ನೇ ತೆಗೆಯಬಹುದು. ಮ್ಯೂಪಿರೋಸಿನ್‌ನಂಥ ಹಚ್ಚುವ ಆ್ಯಂಟಿಬಯೋಟಿಕ್ಕನ್ನೂ, ಸೋಂಕು ಒಳಗಿಳಿದಿದ್ದರೆ ಕುಡಿಸುವ ಔಷಧವನ್ನೂ ಬರೆದುಕೊಡುತ್ತಾರೆ. ಇನ್ನೂ ಎರಡು ದಿನ ತಡವಾಗಿದ್ದರೆ ಟಿಕ್ಕಿ ಪೂರ್ತಿ ಒಳಸೇರಿ ಹಾಲೆಯನ್ನು ಕೊಯ್ದು ತೆಗೆಯಬೇಕಾಗುತ್ತಿತ್ತು.

ಸೋಂಕಾಗಿದೆ ಎಂದು ಕಂಡಾಗ ಮನೆಯಲ್ಲೇ ಟಿಕ್ಕಿ ಕಳಚಬೇಡಿ. ಕಡ್ಡಿ ಹೊರಬಂದ ಕೂಡಲೇ ತೂತಿನ ಬಾಯಿ ಮುಚ್ಚಿ ಕೀವು ಒಳಗೆ ಸಿಕ್ಕಿ ಕುರುವಾಗಬಹುದು. ತೆಗೆಯಬೇಕೇ ಉಳಿಸಬೇಕೇ ಎಂಬ ನಿರ್ಧಾರ ವೈದ್ಯರದು. ಔಷಧದ ಅಂಗಡಿಯಲ್ಲಿ ಕೇಳಿದಾಗ ಕೊಡುವ, ಸ್ಟಿರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರದ ಔಷಧ ಎಲ್ಲವೂ ಬೆರೆತ ಟ್ಯೂಬನ್ನು ಹಚ್ಚಲೇಬಾರದು. ಸ್ಟಿರಾಯ್ಡ್ ಕೆಂಪನ್ನು ಒಂದು ದಿನದಲ್ಲಿ ಇಳಿಸಿ ವಾಸಿಯಾದಂತೆ ತೋರಿಸುತ್ತದೆ, ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ.

ಕೆಲವು ಲಕ್ಷಣಗಳಿಗೆ ಮರುದಿನದ ಓಪಿಡಿಗೂ ಕಾಯಬಾರದು. ಕಂಕುಳಲ್ಲಿ ಅಳೆದ ಉಷ್ಣ 99.5 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಜೊತೆಗೆ ಕಿವಿ ಕೆಂಪಾಗಿರುವುದು, ಕೆಂಪು ಹಾಲೆ ದಾಟಿ ಕೆನ್ನೆಗೋ ಕುತ್ತಿಗೆಗೋ ಇಳಿಯುವುದು, ಕಿವಿಯ ಮೇಲಿನ ಗಟ್ಟಿ ಭಾಗ ಊದುವುದು, ಕಿವಿ ಹೊರಕ್ಕೆ ತಳ್ಳಿದಂತೆ ನಿಲ್ಲುವುದು, ಮಗು ಹಾಲು ಬಿಟ್ಟು ಮಂಕಾಗುವುದು. ಗಟ್ಟಿ ಭಾಗದ ಸೋಂಕು ಮೃದ್ವಸ್ಥಿಯನ್ನು ಕರಗಿಸಿ ಕಿವಿಯ ಆಕಾರವನ್ನೇ ಕೆಡಿಸಬಲ್ಲದು. ದವಡೆ ಬಿಗಿದು ಮೊಲೆ ಹಿಡಿಯಲಾಗದಿರುವುದು, ಮೈ ಸೆಟೆಯುವುದು ಕಂಡರೆ ಧನುರ್ವಾಯುವಿನ ಶಂಕೆ. ಇಂಥ ಹೊತ್ತಿನಲ್ಲಿ 108ಕ್ಕೆ ಕರೆ ಮಾಡಿ. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಹಗಲು ರಾತ್ರಿ ತೆರೆದಿರುತ್ತವೆ. ಸಡಿಲವಾದ ತಿರುಪು ಕಾಣೆಯಾಗಿ ಮಗು ಕೆಮ್ಮುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ ಅದೂ ತುರ್ತೇ. ಬಾಯೊಳಗೆ ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ.

ಆರು ವಾರ ತುಂಬಿದ ಮೇಲೆ ಹಾಲೆ ಮೆತ್ತಗಿದ್ದು, ಮುಟ್ಟಿದರೆ ಮಗು ಮುಖ ಕಿವಿಚದೆ, ಹೊಪ್ಪಳೆ ಕಟ್ಟುವುದು ನಿಂತಿದ್ದರೆ ಮೊದಲ ಬಾರಿ ಟಿಕ್ಕಿ ಬದಲಾಯಿಸಬಹುದು. ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿದ ಹೊಸ ಟಿಕ್ಕಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ತೆಗೆಯಿರಿ. ಹೊಸ ತೂತು ಕೆಲವೇ ಗಂಟೆಗಳಲ್ಲಿ ಕಿರಿದಾಗುತ್ತದೆ. ಕಡ್ಡಿ ಸಲೀಸಾಗಿ ದಾಟದಿದ್ದರೆ ಒತ್ತಿ ನುಗ್ಗಿಸದೆ ಹಳೆಯದನ್ನೇ ಹಾಕಿ, ಇನ್ನೆರಡು ವಾರ ಬಿಟ್ಟು ನೋಡಿ.